ಸವಕಳಿ ಪದ್ಧತಿ ಮಧ್ಯದಲ್ಲಿ ಬದಲಾದರೆ ಲಾಭಕ್ಕೆ ಏನಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ಒಂದು ಯಂತ್ರದಿಂದ ಶುರು ಮಾಡೋಣ. ಕೊಂಡ ಬೆಲೆ 3,20,000. ಐದು ವರ್ಷ ದುಡಿಯುತ್ತದೆ. ಆಮೇಲೆ ಗುಜರಿಗೆ ಹಾಕಿದರೆ 10,000 ಸಿಗಬಹುದು ಅನ್ನೋದು ಅಂದಾಜು. ಹಾಗಾದರೆ ಐದು ವರ್ಷದಲ್ಲಿ ಸವಕಳಿ ಅಂತ ಖರ್ಚು ಬರೆಯಬೇಕಾದದ್ದು ಒಟ್ಟು 3,10,000. ಯಾವ ಪದ್ಧತಿ ಹಿಡಿದರೂ ಈ ಮೊತ್ತ ಬದಲಾಗುವುದಿಲ್ಲ. ಯಾವ ವರ್ಷದ ತಲೆಗೆ ಎಷ್ಟು ಕಟ್ಟಬೇಕು ಅನ್ನೋದಷ್ಟೇ ಬದಲಾಗುತ್ತದೆ. ಇವತ್ತಿನ ಮಾತೆಲ್ಲ ಈ ಒಂದು ಯಂತ್ರದ ಸುತ್ತಲೇ ಇರುತ್ತದೆ. ಪೆನ್ನು ಕಾಗದ ಇದ್ದರೆ ಜೊತೆಯಲ್ಲೇ ಬರೆದುಕೊಳ್ಳಿ.

ಸ್ಥಿರ ಕಂತಿನ ಪದ್ಧತಿ ಎಲ್ಲರಿಗೂ ಗೊತ್ತು. 3,10,000ವನ್ನು ಐದರಿಂದ ಭಾಗಿಸಿದರೆ ವರ್ಷಕ್ಕೆ 62,000. ಪ್ರತಿ ವರ್ಷವೂ ಅಷ್ಟೇ.

ಇಳಿಯುವ ಬಾಕಿ ಪದ್ಧತಿಯಲ್ಲಿ ದರ ಒಂದೇ ಇರುತ್ತದೆ, ಆದರೆ ಅದನ್ನು ಹಾಕುವುದು ವರ್ಷದ ಆರಂಭದಲ್ಲಿ ಉಳಿದಿರುವ ಪುಸ್ತಕ ಬೆಲೆಯ ಮೇಲೆ. ಇಲ್ಲಿ ಗುಜರಿ ಬೆಲೆಯನ್ನು ಮೊದಲೇ ಕಳೆಯುವುದಿಲ್ಲ. ಅದು ದರದೊಳಗೇ ಸೇರಿರುತ್ತದೆ. ದರ ಕಂಡುಹಿಡಿಯುವ ಸೂತ್ರ ಹೀಗಿದೆ:

```
r = 1 − (S / C)^(1/n)
r = 1 − (10000 / 320000)^(1/5) = 0.5
```

C ಕೊಂಡ ಬೆಲೆ, S ಗುಜರಿ ಬೆಲೆ, n ವರ್ಷಗಳು. ನಮ್ಮ ಯಂತ್ರಕ್ಕೆ ದರ ಸರಿಯಾಗಿ ಶೇಕಡಾ 50. ಲೆಕ್ಕ ಬಾಯಲ್ಲೇ ಬರಲಿ ಅಂತ ಬೇಕೆಂದೇ ಈ ಅಂಕಿಗಳನ್ನು ಆರಿಸಿದ್ದೇನೆ. ಪ್ರತಿ ವರ್ಷ ಅರ್ಧ ಮಾಡುತ್ತಾ ಹೋದರೆ ಆಯಿತು. ಸವಕಳಿ 1,60,000, ಆಮೇಲೆ 80,000, 40,000, 20,000, ಕೊನೆಗೆ 10,000. ಕೂಡಿ ನೋಡಿ, 3,10,000 ಆಗುತ್ತದೆ. ಐದನೇ ವರ್ಷದ ಕೊನೆಗೆ ಪುಸ್ತಕದಲ್ಲಿ ಉಳಿಯುವುದು ಸರಿಯಾಗಿ 10,000.

ಈಗ ಲಾಭದ ಕಡೆ ಬರೋಣ. ಸವಕಳಿ ಕಳೆಯುವ ಮೊದಲು ವ್ಯವಹಾರ ಪ್ರತಿ ವರ್ಷ 2,00,000 ಗಳಿಸುತ್ತದೆ ಅಂದುಕೊಳ್ಳಿ. ಸ್ಥಿರ ಕಂತಿನಲ್ಲಿ ಪ್ರತಿ ವರ್ಷದ ಲಾಭ 1,38,000. ಇಳಿಯುವ ಬಾಕಿಯಲ್ಲಿ ಮೊದಲ ವರ್ಷ ಬರೀ 40,000, ಎರಡನೇ ವರ್ಷ 1,20,000, ಮುಂದೆ 1,60,000, 1,80,000, 1,90,000. ಐದು ವರ್ಷದ ಲಾಭ ಎರಡರಲ್ಲೂ 6,90,000. ವ್ಯವಹಾರ ಒಂದೇ, ಗಳಿಕೆ ಒಂದೇ. ಆದರೂ ಎರಡನೇ ಪಟ್ಟಿ ನೋಡಿದವರಿಗೆ ಇದು ಭರದಿಂದ ಬೆಳೆಯುತ್ತಿರುವ ವ್ಯವಹಾರದಂತೆ ಕಾಣುತ್ತದೆ, ಅಲ್ವಾ? ಹಾಗೆ ಕಾಣಿಸುತ್ತಿರುವುದು ಸವಕಳಿಯ ಇಳಿಜಾರು ಅಷ್ಟೇ.

ಹಾಗಾದರೆ ಯಾವುದು ಸರಿ? ಯಂತ್ರದ ಉಪಯೋಗ ಹೇಗೆ ಖರ್ಚಾಗುತ್ತದೆ ಅನ್ನೋದರ ಮೇಲೆ ಹೋಗುತ್ತದೆ. ಕಪಾಟು, ಬೇಲಿ, ಕಟ್ಟಡದಂಥವು ಮೊದಲ ವರ್ಷ ಎಷ್ಟು ಉಪಯೋಗಕ್ಕೆ ಬರುತ್ತವೋ ಕೊನೆಯ ವರ್ಷವೂ ಹೆಚ್ಚುಕಡಿಮೆ ಅಷ್ಟೇ ಬರುತ್ತವೆ. ಅವಕ್ಕೆ ಸ್ಥಿರ ಕಂತು ಹೊಂದುತ್ತದೆ. ಹೊಸದರಲ್ಲಿ ಜಾಸ್ತಿ ಕೆಲಸ ಕೊಟ್ಟು, ಹಳತಾದಂತೆ ಕೆಟ್ಟು ನಿಲ್ಲುವ ವಾಹನ ಮತ್ತು ಯಂತ್ರಗಳಿಗೆ ಇಳಿಯುವ ಬಾಕಿ ಹೊಂದುತ್ತದೆ. ಅಲ್ಲಿ ರಿಪೇರಿ ಖರ್ಚು ಏರುತ್ತಾ ಹೋಗುತ್ತದೆ, ಸವಕಳಿ ಇಳಿಯುತ್ತಾ ಹೋಗುತ್ತದೆ. ಎರಡೂ ಸೇರಿದಾಗ ಪ್ರತಿ ವರ್ಷದ ಹೊರೆ ಅಷ್ಟೊಂದು ಏರುಪೇರಾಗುವುದಿಲ್ಲ.

ಈಗ ನನಗೆ ನಿಜವಾಗಿ ಹೇಳಬೇಕಾದ ಭಾಗಕ್ಕೆ ಬರುತ್ತೇನೆ.

ಎರಡು ವರ್ಷ ಇಳಿಯುವ ಬಾಕಿಯಲ್ಲಿ ಲೆಕ್ಕ ಬರೆದಾಗಿದೆ. ಪುಸ್ತಕ ಬೆಲೆ 80,000ಕ್ಕೆ ಇಳಿದಿದೆ. ಮೂರನೇ ವರ್ಷದ ಆರಂಭದಲ್ಲಿ ಸ್ಥಿರ ಕಂತಿಗೆ ಬದಲಾಯಿಸೋಣ ಅಂತ ತೀರ್ಮಾನ ಆಯಿತು. ಏನು ಮಾಡಬೇಕು?

ಹಳೆಯ ಪಠ್ಯಗಳಲ್ಲಿ ಓದಿದವರು ತಕ್ಷಣ ಹಿಂದಕ್ಕೆ ಹೋಗುತ್ತಾರೆ. ಯಂತ್ರ ಕೊಂಡ ದಿನದಿಂದಲೇ ಸ್ಥಿರ ಕಂತು ಹಾಕಿದ್ದರೆ ಎರಡು ವರ್ಷಕ್ಕೆ 1,24,000 ಆಗುತ್ತಿತ್ತು, ಪುಸ್ತಕ ಬೆಲೆ 1,96,000 ಇರುತ್ತಿತ್ತು. ಈಗ ಇರುವುದು 80,000. ವ್ಯತ್ಯಾಸ 1,16,000. ಇಷ್ಟು ಸವಕಳಿ ಹೆಚ್ಚಿಗೆ ಬರೆದಂತಾಯಿತು ಅಂತ ಯಂತ್ರದ ಖಾತೆಗೆ ಡೆಬಿಟ್, ಲಾಭ ನಷ್ಟದ ಖಾತೆಗೆ ಕ್ರೆಡಿಟ್. ಆಮೇಲೆ ಮೂರನೇ ವರ್ಷದ ಸವಕಳಿ 62,000.

ಮೂರನೇ ವರ್ಷದ ಲಾಭ ಎಷ್ಟಾಯಿತು ನೋಡಿ. 2,00,000ಕ್ಕೆ 1,16,000 ಸೇರಿಸಿ 62,000 ಕಳೆದರೆ 2,54,000. ಇಲ್ಲಿ ಸ್ವಲ್ಪ ನಿಲ್ಲಿ. ಸವಕಳಿ ಕಳೆಯುವ ಮೊದಲೇ ವ್ಯವಹಾರ ಗಳಿಸಿದ್ದು 2,00,000. ಕಳೆದ ಮೇಲೆ ಲಾಭ ಅದಕ್ಕಿಂತ ಜಾಸ್ತಿ! ಪದ್ಧತಿ ಬದಲಾಯಿಸದೇ ಇದ್ದಿದ್ದರೆ ಅದೇ ವರ್ಷದ ಲಾಭ 1,60,000 ಇರುತ್ತಿತ್ತು. ಒಂದೇ ಒಂದು ಜರ್ನಲ್ ಎಂಟ್ರಿಯ ದೆಸೆಯಿಂದ 94,000 ಏರಿದೆ. ಒಂದು ಕಾಸೂ ಹೆಚ್ಚಿಗೆ ಒಳಗೆ ಬಂದಿಲ್ಲ.

ಈ ಲೆಕ್ಕವನ್ನು ನಾನು ಮೊದಲ ಸಲ ಬಿಡಿಸಿದಾಗ ಉತ್ತರ ಸರಿ ಬಂತಲ್ಲ ಅಂತ ಖುಷಿಪಟ್ಟು ಮುಂದಿನ ಲೆಕ್ಕಕ್ಕೆ ಹೋಗಿದ್ದೆ. ಆ 1,16,000 ಎಲ್ಲಿಂದ ಬಂತು ಅಂತ ಕೇಳಿಕೊಂಡಿರಲಿಲ್ಲ. ಅದು ಬಂದದ್ದು ಮೊದಲ ಎರಡು ವರ್ಷಗಳಿಂದ. ಆಗ ಲಾಭದಿಂದ ಕಳೆದಿದ್ದ ಮೊತ್ತವೇ ಈಗ ವಾಪಸ್ ಬಂದು ಮೂರನೇ ವರ್ಷದ ಲಾಭದಲ್ಲಿ ಕೂತಿದೆ. ಮುಂದೆ ನಾಲ್ಕು ಮತ್ತು ಐದನೇ ವರ್ಷದ ಲಾಭ 1,38,000ಕ್ಕೆ ಇಳಿಯುತ್ತದೆ. ಒಟ್ಟು ಕೂಡಿದರೆ ಮತ್ತೆ ಅದೇ 6,90,000.

ಈಗ ನಿಯಮ ಹಾಗಿಲ್ಲ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಎಸ್ 16ರ ಪ್ರಕಾರ ಸವಕಳಿ ಪದ್ಧತಿಯ ಬದಲಾವಣೆ ಅಂದರೆ ಅಂದಾಜಿನ ಬದಲಾವಣೆ. ಅದು ನೀತಿಯ ಬದಲಾವಣೆ ಅಲ್ಲ. ಅಂದಾಜು ಬದಲಾದಾಗ ಐಎಎಸ್ 8ರಂತೆ ಅದರ ಪರಿಣಾಮ ಈ ವರ್ಷಕ್ಕೆ ಮತ್ತು ಮುಂದಿನ ವರ್ಷಗಳಿಗೆ ಮಾತ್ರ. ಹಿಂದಿನದನ್ನು ಕೆದಕುವಂತಿಲ್ಲ. ಭಾರತದಲ್ಲಿ ಎಎಸ್ 6 ಇದ್ದ ಕಾಲಕ್ಕೆ ಹಿಂದಿನಿಂದ ಲೆಕ್ಕ ಹಾಕಿ ವ್ಯತ್ಯಾಸವನ್ನು ಲಾಭ ನಷ್ಟಕ್ಕೆ ಒಯ್ಯಬೇಕಿತ್ತು. 2016ರಲ್ಲಿ ಪರಿಷ್ಕೃತ ಎಎಸ್ 10 ಬಂದ ಮೇಲೆ ಅಲ್ಲೂ ಮುಂದಕ್ಕೆ ಮಾತ್ರ. ಹಳೆಯ ಪುಸ್ತಕದ ಲೆಕ್ಕ ಬಿಡಿಸುವವರು ಇದನ್ನು ಗಮನದಲ್ಲಿಡಿ.

ಇದರ ಹಿಂದಿನ ವಿಚಾರ ನನಗೆ ತುಂಬಾ ಸರಿ ಅನ್ನಿಸುತ್ತದೆ. ಎರಡು ವರ್ಷದ ಹಿಂದೆ ಆಗ ಗೊತ್ತಿದ್ದ ವಿಷಯ ಇಟ್ಟುಕೊಂಡು ಪ್ರಾಮಾಣಿಕವಾಗಿ ಅಂದಾಜು ಮಾಡಿದ್ದೆವು. ಈಗ ಯಂತ್ರ ಬೇರೆ ರೀತಿ ಸವೆಯುತ್ತಿದೆ ಅಂತ ಗೊತ್ತಾಯಿತು. ಹಾಗಂತ ಅವತ್ತಿನ ಲೆಕ್ಕ ತಪ್ಪಾಗುವುದಿಲ್ಲ. ತಪ್ಪಲ್ಲದ್ದನ್ನು ತಿದ್ದುವುದು ಯಾಕೆ?

ಸರಿ, ಹೊಸ ನಿಯಮದಂತೆ ನಮ್ಮ ಯಂತ್ರಕ್ಕೆ ಏನಾಗುತ್ತದೆ? ಪುಸ್ತಕ ಬೆಲೆ 80,000. ಗುಜರಿ ಬೆಲೆ 10,000 ಕಳೆದರೆ 70,000. ಉಳಿದಿರುವುದು ಮೂರು ವರ್ಷ. ವರ್ಷಕ್ಕೆ ಸುಮಾರು 23,333. ಮೂರನೇ ವರ್ಷದ ಲಾಭ 1,76,667. ಹಳೆಯ ಪದ್ಧತಿಯಲ್ಲೇ ಮುಂದುವರಿದಿದ್ದರೆ 1,60,000. ಅಂದರೆ ಏರಿಕೆ 94,000 ಅಲ್ಲ, 16,667 ಮಾತ್ರ. ಆ 16,667 ಕೂಡ ಸಾಲ ತಂದಂತೆ. ನಾಲ್ಕನೇ ವರ್ಷ 3,333 ಮತ್ತು ಐದನೇ ವರ್ಷ 13,333 ಲಾಭ ಕಡಿಮೆಯಾಗಿ ಅದು ತೀರುತ್ತದೆ.

ಇಲ್ಲಿ ಒಂದು ತಪ್ಪು ಪದೇ ಪದೇ ಕಾಣಿಸುತ್ತದೆ. ಮುಂದಕ್ಕೆ ಮಾತ್ರ ಅಂತ ಗೊತ್ತಿರುತ್ತದೆ, ಆದರೆ ಸವಕಳಿಯನ್ನು ಮೂಲ ಬೆಲೆಯ ಮೇಲೇ ಹಾಕಿ 62,000 ಕಳೆದುಬಿಡುತ್ತಾರೆ. ಆಗ ಪುಸ್ತಕದಲ್ಲಿ 18,000 ಉಳಿಯುತ್ತದೆ. ನಾಲ್ಕನೇ ವರ್ಷ ಇನ್ನೊಂದು 62,000 ಕಳೆಯುವುದಕ್ಕೆ ಜಾಗವೇ ಇಲ್ಲ. ಕೊನೆಯ ವರ್ಷದ ಪುಸ್ತಕ ಬೆಲೆ ಗುಜರಿ ಬೆಲೆಗೆ ಬಂದು ಕೂರುತ್ತದೆಯೇ ಅಂತ ನೋಡಿದರೆ ಈ ತಪ್ಪು ಸಿಕ್ಕಿಬೀಳುತ್ತದೆ.

ಎದುರು ದಿಕ್ಕಿನಲ್ಲಿ ಹೋದರೂ ಇದೇ ಪರೀಕ್ಷೆ ಕೈಹಿಡಿಯುತ್ತದೆ. ಎರಡು ವರ್ಷ ಸ್ಥಿರ ಕಂತು ಹಾಕಿ, 1,96,000 ಉಳಿದಿರುವಾಗ ಇಳಿಯುವ ಬಾಕಿಗೆ ಹೋದೆವು ಅಂದುಕೊಳ್ಳಿ. ಸುಮ್ನೆ ಹಳೆಯ ಶೇಕಡಾ 50 ಹಾಕಿದರೆ 98,000, 49,000, 24,500 ಕಳೆದು ಕೊನೆಗೆ 24,500 ಉಳಿಯುತ್ತದೆ. 10,000ಕ್ಕೆ ಇಳಿಯಲೇ ಇಲ್ಲ. ಯಾಕಂದರೆ ಆ ದರ 3,20,000 ಐದು ವರ್ಷದಲ್ಲಿ ಇಳಿಯಲಿ ಅಂತ ಮಾಡಿದ್ದು. ಈಗ ಸೂತ್ರಕ್ಕೆ ಹೊಸ ಅಂಕಿಗಳನ್ನು ಕೊಡಬೇಕು:

```
r = 1 − (10000 / 196000)^(1/3) ≈ 0.629
```

ದರ ಸುಮಾರು ಶೇಕಡಾ 62.9. ಸವಕಳಿ ಸುಮಾರು 1,23,300, ಆಮೇಲೆ 45,700, ಕೊನೆಗೆ 17,000. ಮೂರನೇ ವರ್ಷದ ಲಾಭ 1,38,000ದಿಂದ ಸುಮಾರು 76,700ಕ್ಕೆ ಕುಸಿಯುತ್ತದೆ. ಹಳೆಯ ರೀತಿಯಲ್ಲಿ ಹಿಂದಿನಿಂದ ಲೆಕ್ಕ ಹಾಕಿದ್ದರೆ ಹಿಂಬಾಕಿ 1,16,000 ಮತ್ತು ಆ ವರ್ಷದ 40,000 ಸೇರಿ ಲಾಭ 44,000ಕ್ಕೆ ಬೀಳುತ್ತಿತ್ತು.

ಬದಲಾಯಿಸುವುದಕ್ಕೆ ಕಾರಣ ಏನಿರಬೇಕು? ಯಂತ್ರದಿಂದ ಸಿಗುವ ಉಪಯೋಗದ ರೀತಿಯೇ ಬದಲಾಗಿರಬೇಕು. ಮೊದಲು ಹಗಲು ರಾತ್ರಿ ಓಡುತ್ತಿದ್ದದ್ದು ಈಗ ಒಂದೇ ಪಾಳಿಯಲ್ಲಿ ಸಮನಾಗಿ ಓಡುತ್ತಿದೆ ಅಂದರೆ ಅದು ಕಾರಣ. ಈ ವರ್ಷ ಲಾಭ ಕಡಿಮೆ ಕಾಣುತ್ತಿದೆ ಅನ್ನೋದು ಕಾರಣ ಅಲ್ಲ. ಐಎಎಸ್ 16 ಕನಿಷ್ಠ ಪ್ರತಿ ಹಣಕಾಸು ವರ್ಷದ ಕೊನೆಗೆ ಪದ್ಧತಿಯನ್ನು ಪರಿಶೀಲಿಸಿ ಅನ್ನುತ್ತದೆ. ಪರಿಶೀಲಿಸಿ ಅಂದರೆ ಪ್ರತಿ ವರ್ಷ ಬದಲಾಯಿಸಿ ಅಂತಲ್ಲ.

ಬೇರೆಯವರ ಲೆಕ್ಕಪತ್ರ ಓದುವಾಗ ನಾನು ಮೊದಲು ಟಿಪ್ಪಣಿಗಳನ್ನು ನೋಡುತ್ತೇನೆ. ಬದಲಾವಣೆ ಏನು, ಅದರಿಂದ ಎಷ್ಟು ವ್ಯತ್ಯಾಸ ಆಯಿತು ಅಂತ ಅಲ್ಲಿ ಬರೆದಿರಬೇಕು. ಆಮೇಲೆ ಆ ವರ್ಷದ ಸವಕಳಿಯನ್ನು ಆಸ್ತಿಗಳ ಮೂಲ ಬೆಲೆಯಿಂದ ಭಾಗಿಸಿ, ಹಿಂದಿನ ವರ್ಷದ ಜೊತೆ ಹೋಲಿಸುತ್ತೇನೆ. ಹೊಸ ಖರೀದಿ ಇಲ್ಲದೆ ಆ ಪ್ರಮಾಣ ಜಿಗಿದಿದ್ದರೆ ಅಥವಾ ಕುಸಿದಿದ್ದರೆ ಅಲ್ಲಿ ಕೈಯಿಟ್ಟು ಓದಬೇಕು. ಇಳಿಯುವ ಬಾಕಿಯಲ್ಲಿ ತಾನಾಗಿಯೇ ಒಂದಿಷ್ಟು ಇಳಿಯುತ್ತದೆ, ಅದನ್ನು ಬಿಟ್ಟು ಹೇಳುತ್ತಿದ್ದೇನೆ. ಕೊನೆಗೆ ನಗದು ಹರಿವಿನ ಪಟ್ಟಿ. ಲಾಭ ಏರಿದ್ದರೂ ವ್ಯವಹಾರದಿಂದ ಬಂದ ನಗದು ಇದ್ದಲ್ಲೇ ಇದ್ದರೆ, ಆ ಏರಿಕೆಯಲ್ಲಿ ಸವಕಳಿಯ ಪಾಲೆಷ್ಟು ಅಂತ ನೋಡುತ್ತೇನೆ.

ಇನ್ನೊಂದು ಸಂದರ್ಭ ಹೇಳಿ ಮುಗಿಸುತ್ತೇನೆ. ಮೂರನೇ ವರ್ಷದ ಕೊನೆಗೆ ಯಂತ್ರವನ್ನು 50,000ಕ್ಕೆ ಮಾರಿದೆವು ಅಂದುಕೊಳ್ಳಿ. ಇಳಿಯುವ ಬಾಕಿಯಲ್ಲೇ ಇದ್ದಿದ್ದರೆ ಪುಸ್ತಕ ಬೆಲೆ 40,000, ಮಾರಾಟದಲ್ಲಿ 10,000 ಲಾಭ. ಮುಂದಕ್ಕೆ ಮಾತ್ರ ಬದಲಾಯಿಸಿದ್ದರೆ ಪುಸ್ತಕ ಬೆಲೆ 56,667, ನಷ್ಟ 6,667. ಹಿಂದಿನಿಂದ ಸ್ಥಿರ ಕಂತಿಗೆ ತಂದಿದ್ದರೆ ಪುಸ್ತಕ ಬೆಲೆ 1,34,000, ನಷ್ಟ 84,000. ಕೊನೆಯ ಎರಡನ್ನು ಮೊದಲನೆಯದರ ಜೊತೆ ಹೋಲಿಸಿ. ವ್ಯತ್ಯಾಸ 16,667 ಮತ್ತು 94,000. ಬದಲಾವಣೆಯಿಂದ ಅದೇ ವರ್ಷ ಏರಿದ್ದ ಲಾಭವೂ ಸರಿಯಾಗಿ ಅಷ್ಟೇ ಇತ್ತು.