ಅವರೆಕಾಳಿನಷ್ಟು ಮರಿ, ಎಂಟು ತಿಂಗಳ ಚೀಲ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಂಗರೂ ಅಂದ ಕೂಡಲೇ ನಮಗೆ ಕಾಣಿಸುವುದು ತಾಯಿಯ ಹೊಟ್ಟೆಯ ಚೀಲದಿಂದ ತಲೆ ಹೊರಗೆ ಹಾಕಿ ನೋಡುತ್ತಿರುವ ಮುದ್ದು ಮರಿ, ಅಲ್ವಾ? ಆದರೆ ಆ ಮರಿ ಹಾಗೆ ತಲೆ ಹೊರಗೆ ಹಾಕುವ ಹೊತ್ತಿಗೆ ಅದಕ್ಕೆ ಸುಮಾರು ಐದು ತಿಂಗಳಾಗಿರುತ್ತದೆ. ಅದಕ್ಕೂ ಮುಂಚೆ ಒಳಗೆ ಏನು ನಡೆದಿತ್ತು ಅನ್ನುವುದೇ ಇವತ್ತಿನ ಮಾತು. ಕಾಂಗರೂಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ, ಆಸ್ಟ್ರೇಲಿಯಾದ ಒಣ ಬಯಲುಗಳಲ್ಲಿ ಬಾಳುವ ಕೆಂಪು ಕಾಂಗರೂವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಕೆಂಪು ಕಾಂಗರೂ ಗರ್ಭ ಹೊರುವುದು ಬರೀ 33 ದಿನ. ಹುಟ್ಟುವ ಮರಿ ಒಂದು ಅವರೆಕಾಳಿನಷ್ಟು ಇರುತ್ತದೆ. ಉದ್ದ ಎರಡು ಸೆಂಟಿಮೀಟರು, ತೂಕ ಒಂದು ಗ್ರಾಮ್‌ಗಿಂತ ಕಡಿಮೆ. ತಾಯಿಯ ತೂಕ 25 ಕಿಲೋ ದಾಟಿರುತ್ತದೆ. ಮರಿಗೆ ಕಣ್ಣು ತೆರೆದಿರುವುದಿಲ್ಲ, ಕಿವಿ ಕೇಳಿಸುವುದಿಲ್ಲ, ಮೈಮೇಲೆ ಒಂದು ಕೂದಲೂ ಇರುವುದಿಲ್ಲ. ಮುಂದೆ ಅಷ್ಟು ದೂರ ನೆಗೆಯಬೇಕಾದ ಹಿಂಗಾಲುಗಳು ಆಗಿನ್ನೂ ಸಣ್ಣ ಮೊಗ್ಗಿನ ಹಾಗೆ ಇರುತ್ತವೆ.

ಆದರೆ ಮುಂಗಾಲು ಮಾತ್ರ ತಯಾರಾಗಿರುತ್ತದೆ. ಉಗುರಿನ ಸಮೇತ! ಬಾಯಿ, ನಾಲಿಗೆ ಮತ್ತು ಮೂಗೂ ಕೆಲಸಕ್ಕೆ ಸಿದ್ಧ. ಯಾಕೆ ಇಷ್ಟು ಮಾತ್ರ? ಮೊದಲ ಕೆಲವು ನಿಮಿಷದಲ್ಲಿ ಬೇಕಾಗುವುದು ಇವೇ. ಹೆರುವ ಮುಂಚೆ ತಾಯಿ ಚೀಲದ ಒಳಗನ್ನು ನೆಕ್ಕಿ ಚೊಕ್ಕ ಮಾಡುತ್ತಾಳೆ. ಆಮೇಲೆ ಬಾಲವನ್ನು ಎರಡೂ ಕಾಲುಗಳ ನಡುವೆ ಮುಂದಕ್ಕೆ ಚಾಚಿ, ಒರಗಿಕೊಂಡ ಹಾಗೆ ಕೂರುತ್ತಾಳೆ. ಹೊರಗೆ ಬಿದ್ದ ಮರಿ ಒಂದೊಂದೇ ಮುಂಗಾಲು ಹಾಕುತ್ತಾ, ತುಪ್ಪಟ ಹಿಡಿದುಕೊಂಡು ಮೇಲಕ್ಕೆ ಹತ್ತುತ್ತದೆ. ಮೂರರಿಂದ ಐದು ನಿಮಿಷದಲ್ಲಿ ಚೀಲ ಸೇರುತ್ತದೆ. ತಾಯಿ ಕೈ ಹಚ್ಚಿ ಎತ್ತುವುದಿಲ್ಲ. ದಾರಿಯಲ್ಲಿ ಜಾರಿ ನೆಲಕ್ಕೆ ಬಿದ್ದರೆ ಮರಿಯ ಕಥೆ ಅಲ್ಲಿಗೇ ಮುಗಿಯಿತು.

ಚೀಲದೊಳಗೆ ನಾಲ್ಕು ಮೊಲೆತೊಟ್ಟು ಇರುತ್ತವೆ. ಮರಿ ಒಂದನ್ನು ಬಾಯಲ್ಲಿ ಹಿಡಿಯುತ್ತದೆ. ತೊಟ್ಟಿನ ತುದಿ ಬಾಯೊಳಗೆ ಉಬ್ಬಿ, ಹೊರಗೆ ಬರದ ಹಾಗೆ ಸಿಕ್ಕಿಕೊಳ್ಳುತ್ತದೆ. ಮುಂದೆ ಎರಡು ತಿಂಗಳಿಗೂ ಜಾಸ್ತಿ ಮರಿ ಆ ತೊಟ್ಟನ್ನು ಬಿಡುವುದೇ ಇಲ್ಲ. 1629ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕರಾವಳಿಯಾಚೆ ಹಡಗು ಒಡೆದು ದ್ವೀಪಗಳಲ್ಲಿ ಸಿಕ್ಕಿಕೊಂಡ ಡಚ್ಚರ ನಾಯಕ ಫ್ರಾನ್ಸಿಸ್ಕೊ ಪೆಲ್ಸಾರ್ಟ್, ಕಾಂಗರೂವಿನ ಸಣ್ಣ ನಂಟನಾದ ಟಮ್ಮಾರ್ ವಾಲಬಿಯ ಚೀಲದಲ್ಲಿ ಇದನ್ನೇ ಕಂಡ. ಮರಿ ಮೊಲೆತೊಟ್ಟಿನಿಂದಲೇ ಬೆಳೆದು ಬರುತ್ತದೆ ಅಂದುಕೊಂಡ. ಅವನನ್ನು ನೋಡಿ ನಗುವ ಹಾಗೇನೂ ಇಲ್ಲ. ಎಳೆದರೂ ಬಿಡದ ಮರಿಯನ್ನು ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸೀತು.

ಇಲ್ಲಿಂದ ಮುಂದಿನದು ನನಗೆ ಇಡೀ ಕಥೆಯಲ್ಲೇ ಹೆಚ್ಚು ಇಷ್ಟವಾದ ಭಾಗ. ಬೇರೆ ಪ್ರಾಣಿಗಳ ಗರ್ಭದಲ್ಲಿ ಮಾಸು ಮತ್ತು ಹೊಕ್ಕುಳಬಳ್ಳಿ ಮಾಡುವ ಕೆಲಸವನ್ನು ಇಲ್ಲಿ ಹಾಲು ಮಾಡಬೇಕು. ಅದಕ್ಕೇ ಆ ಹಾಲು ಎಂಟು ತಿಂಗಳೂ ಒಂದೇ ತರ ಇರುವುದಿಲ್ಲ. ಶುರುವಿನ ಹಾಲು ನೀರು ನೀರು. ಅದರಲ್ಲಿ ಸಕ್ಕರೆಯ ಅಂಶ ಇದೆ, ಕೊಬ್ಬು ಕಡಿಮೆ. ದಿನ ಕಳೆದಂತೆ ಹಾಲು ಗಟ್ಟಿಯಾಗುತ್ತದೆ, ಕೊಬ್ಬು ಹಲವು ಪಟ್ಟು ಏರುತ್ತದೆ, ಸಕ್ಕರೆ ಇಳಿಯುತ್ತದೆ. ರೋಗ ತಡೆಯುವ ಶಕ್ತಿಯೂ ಮರಿಗೆ ಮೊದಮೊದಲು ಹಾಲಿನಿಂದಲೇ ಬರಬೇಕು.

ಹಾಗಾದರೆ ಹಾಲು ಯಾವಾಗ ಬದಲಾಗಬೇಕು ಅನ್ನುವುದನ್ನು ತೀರ್ಮಾನ ಮಾಡುವವರು ಯಾರು? ತಾಯಿಯೋ, ಮರಿಯೋ? ವಿಜ್ಞಾನಿಗಳು ಟಮ್ಮಾರ್ ವಾಲಬಿಯಲ್ಲಿ ಇದನ್ನು ಪರೀಕ್ಷೆ ಮಾಡಿದರು. ಚಿಕ್ಕ ಮರಿಯನ್ನು ತೆಗೆದು, ಹೆತ್ತು ಇನ್ನೂ ಹೆಚ್ಚು ದಿನವಾಗಿದ್ದ ಬೇರೆ ತಾಯಿಯ ತೊಟ್ಟಿಗೆ ಹಚ್ಚಿದರು. ಚಿಕ್ಕ ಮರಿ ಬಂತೆಂದು ಆ ತಾಯಿಯ ಹಾಲು ಹಿಂದಕ್ಕೆ ಹೋಗಲಿಲ್ಲ. ತನ್ನ ಲೆಕ್ಕದಂತೆಯೇ ಮುಂದೆ ಸಾಗಿತು. ಮರಿಯೇ ತನ್ನ ವಯಸ್ಸಿನ ಉಳಿದ ಮರಿಗಳಿಗಿಂತ ಬೇಗ ಬೆಳೆಯಿತು. ಅಂದರೆ ಬೆಳವಣಿಗೆಯ ಗಡಿಯಾರಕ್ಕೆ ಕೀಲಿ ಕೊಡುವುದು ಬಹುಮಟ್ಟಿಗೆ ತಾಯಿಯ ಮೊಲೆ.

ಹಾಲು ಕುಡಿದ ಮೇಲೆ ಉಚ್ಚೆ, ಕಕ್ಕ ಆಗಲೇಬೇಕಲ್ಲ? ತಾಯಿ ಚೀಲದೊಳಗೆ ತಲೆ ತೂರಿಸಿ ಮರಿಯನ್ನು ನೆಕ್ಕುತ್ತಾಳೆ. ನೆಕ್ಕಿದಾಗಲೇ ಮರಿ ಮಾಡಿಕೊಳ್ಳುವುದು. ಅದನ್ನು ತಾಯಿಯೇ ನುಂಗಿಬಿಡುತ್ತಾಳೆ. ಕೇಳಲು ಅಸಹ್ಯ ಅನ್ನಿಸಬಹುದು. ಆದರೆ ಚೀಲ ಚೊಕ್ಕವಾಗಿರುತ್ತದೆ, ಹಾಲಿನಲ್ಲಿ ಕಳೆದುಕೊಂಡ ನೀರೂ ಸ್ವಲ್ಪ ವಾಪಸ್ಸು ಬರುತ್ತದೆ. ನೀರು ಸಿಗದ ಬಯಲಿನಲ್ಲಿ ಅದು ಸಣ್ಣ ಲಾಭವೇನಲ್ಲ.

ಐದು ತಿಂಗಳ ಹೊತ್ತಿಗೆ ಕಣ್ಣು ಬಿಟ್ಟಿರುತ್ತದೆ, ತಲೆ ಹೊರಗೆ ಬರುತ್ತದೆ. ಆರು ತಿಂಗಳು ದಾಟಿದ ಮೇಲೆ ಮರಿ ಮೊದಲ ಸಲ ನೆಲಕ್ಕಿಳಿಯುತ್ತದೆ. ಕೆಲವೊಮ್ಮೆ ಇಳಿಯುವುದಕ್ಕಿಂತ ಬೀಳುವುದೇ ಜಾಸ್ತಿ. ಹೆದರಿದರೆ ಓಡಿ ಬಂದು ತಲೆ ಮುಂದೆ ಮಾಡಿ ಚೀಲಕ್ಕೆ ಧುಮುಕಿ, ಒಳಗೆ ಲಾಗ ಹಾಕಿ ತಿರುಗಿಕೊಳ್ಳುತ್ತದೆ. ಚೀಲದ ಬಾಯಿಯ ಸುತ್ತ ಸ್ನಾಯು ಇದೆ. ತಾಯಿ ಅದನ್ನು ಬಿಗಿ ಮಾಡಬಲ್ಲಳು, ಸಡಿಲ ಬಿಡಬಲ್ಲಳು. ಸುಮಾರು 235 ದಿನಕ್ಕೆ, ಮರಿ ನಾಲ್ಕೈದು ಕಿಲೋ ಆದಾಗ, ಬಾಗಿಲು ಮುಚ್ಚುತ್ತದೆ. ಇನ್ನು ಒಳಗೆ ಜಾಗವಿಲ್ಲ.

ಯಾಕೆಂದರೆ ಒಳಗೆ ಬರಲು ಇನ್ನೊಂದು ಮರಿ ಕಾಯುತ್ತಿರುತ್ತದೆ. ಹೆತ್ತ ಒಂದೆರಡು ದಿನದಲ್ಲೇ ತಾಯಿ ಮತ್ತೆ ಗಂಡಿನ ಜೊತೆ ಕೂಡಿರುತ್ತಾಳೆ. ಆ ಭ್ರೂಣ ನೂರು ಜೀವಕೋಶದ ಆಸುಪಾಸಿಗೆ ಬಂದು, ಬೆಳೆಯುವುದನ್ನು ನಿಲ್ಲಿಸಿ ಗರ್ಭಕೋಶದಲ್ಲಿ ಸುಮ್ನೆ ಇರುತ್ತದೆ. ಚೀಲದ ಮರಿ ಚೀಪುತ್ತಿರುವ ತನಕ ಅದು ಏಳುವುದಿಲ್ಲ. ಮರಿ ದೊಡ್ಡದಾಗಿ ಚೀಪುವುದು ಕಡಿಮೆಯಾದಾಗ, ಸುಮಾರು ಆರೂವರೆ ತಿಂಗಳ ನಂತರ, ಮತ್ತೆ ಬೆಳೆಯಲು ಶುರು ಮಾಡುತ್ತದೆ. ಅಣ್ಣ ಚೀಲ ಬಿಟ್ಟು ಒಂದೆರಡು ದಿನಕ್ಕೆ ತಮ್ಮ ಹುಟ್ಟಿ, ಅದೇ ತುಪ್ಪಟ ಹತ್ತಿ, ಬೇರೆ ತೊಟ್ಟು ಹಿಡಿಯುತ್ತಾನೆ.

ಅಣ್ಣನೇನೂ ಹಾಲು ಬಿಟ್ಟಿರುವುದಿಲ್ಲ. ಒಂದು ವರ್ಷದವರೆಗೂ ಚೀಲಕ್ಕೆ ತಲೆ ತೂರಿಸಿ, ಉದ್ದವಾಗಿ ಜೋತುಬಿದ್ದಿರುವ ತನ್ನದೇ ತೊಟ್ಟಿನಿಂದ ಕುಡಿಯುತ್ತಾನೆ. ಅದರಲ್ಲಿ ಬರುವುದು ಗಟ್ಟಿ ಹಾಲು. ಪಕ್ಕದ ತೊಟ್ಟಿನಲ್ಲಿ ತಮ್ಮನಿಗೆ ನೀರು ಹಾಲು. ಒಂದೇ ತಾಯಿ, ಒಂದೇ ರಕ್ತ, ಒಂದೇ ಹೊತ್ತಿಗೆ ಎರಡು ಬಗೆಯ ಹಾಲು. ಒಂದೊಂದು ಮೊಲೆಯೂ ತನ್ನದೇ ಲೆಕ್ಕದಲ್ಲಿ ನಡೆಯುವುದರಿಂದ ಇದು ಸಾಧ್ಯ.

ಆಸ್ಟ್ರೇಲಿಯಾದ ರಸ್ತೆಗಳಲ್ಲಿ ಗಾಡಿ ಬಡಿದು ಸತ್ತ ಕಾಂಗರೂಗಳ ಚೀಲದಲ್ಲಿ ಜೀವಂತ ಮರಿ ಸಿಗುವುದುಂಟು. ಅಲ್ಲಿ ಪ್ರಾಣಿಗಳನ್ನು ಸಾಕಿ ಉಳಿಸುವವರು ಮೊದಲು ಹೇಳುವ ಮಾತು: ಮರಿಯನ್ನು ತೊಟ್ಟಿನಿಂದ ಎಳೆಯಬೇಡಿ. ಎಳೆದರೆ ಎಳೆಯ ಬಾಯಿಗೆ ಪೆಟ್ಟಾಗುತ್ತದೆ. ತೊಟ್ಟನ್ನೇ ಕತ್ತರಿಸಿ ಮರಿಯ ಜೊತೆ ತರುತ್ತಾರೆ. ಕೂದಲು ಬರದ ಮರಿ ತನ್ನ ಮೈ ಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದು. ಅದಕ್ಕೆ ಬಟ್ಟೆಯ ಚೀಲ, ಹದವಾದ ಶಾಖ ಎರಡೂ ಬೇಕು. ಹಸುವಿನ ಹಾಲು ಕುಡಿಸಿದರೆ ಭೇದಿ ಹತ್ತಿಕೊಳ್ಳುತ್ತದೆ. ಹಾಗಾಗಿ ಮರಿಯ ವಯಸ್ಸು ನೋಡಿ, ಹಂತ ಹಂತಕ್ಕೆ ಬೇರೆ ಬೇರೆ ಹಾಲಿನ ಪುಡಿ ಕೊಡುತ್ತಾರೆ. ತಾಯಿಯ ಮೊಲೆ ತಾನಾಗಿ ಮಾಡುತ್ತಿದ್ದ ಬದಲಾವಣೆಯನ್ನು ಇವರು ಡಬ್ಬಿ ಬದಲಿಸಿ ಮಾಡಬೇಕು.

ಕಾಡಿನಲ್ಲಿ ಮರಿಗೆ ದೊಡ್ಡ ಶತ್ರು ಬರಗಾಲ. ಮೇವು ಒಣಗಿದರೆ ಹಾಲು ಇಂಗುತ್ತದೆ, ಚೀಲದ ಮರಿ ಸಾಯುತ್ತದೆ. ಚೀಪುವುದು ನಿಂತ ಕೂಡಲೇ ಗರ್ಭದಲ್ಲಿ ಕಾಯುತ್ತಿದ್ದ ಭ್ರೂಣ ಏಳುತ್ತದೆ, ಸುಮಾರು ಒಂದು ತಿಂಗಳಲ್ಲಿ ಹುಟ್ಟುತ್ತದೆ. ಆಗಲೂ ಮಳೆ ಬಾರದಿದ್ದರೆ ಅದೂ ಉಳಿಯುವುದಿಲ್ಲ. ಬರ ತೀರಾ ಲಂಬಿಸಿದರೆ ಹೆಣ್ಣು ಬೆದೆಗೆ ಬರುವುದನ್ನೇ ನಿಲ್ಲಿಸುತ್ತದೆ. ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ಮತ್ತೆ ಗಂಡಿನ ಜೊತೆ ಕೂಡುತ್ತದೆ. ಅಲ್ಲಿಂದ 33 ದಿನಕ್ಕೆ ಮರಿ.

ನಮಸ್ಕಾರ.