ಎರಡನೇ ಕ್ಷಣದಲ್ಲಿ ಕ್ಯೂಗೆ ಮೊದಲು ಸೇರೋದು ಯಾರು?

ಎಲ್ಲರಿಗೂ ನಮಸ್ಕಾರ. ಶೆಡ್ಯೂಲಿಂಗ್ ಅಂದ್ರೇನು ಅಂತ ನಿಮಗೆ ಗೊತ್ತು, ಹಾಗಾಗಿ ನೇರವಾಗಿ ಒಂದು ಫೋಟೋದಿಂದ ಶುರು ಮಾಡ್ತೇನೆ.

ಹೋದ ವಾರ ರಾತ್ರಿ ಹತ್ತು ಗಂಟೆಗೆ ಒಬ್ಬ ಹುಡುಗ ಪ್ರಶ್ನೆಪತ್ರಿಕೆಯ ಫೋಟೋ ಕಳಿಸಿದ. ಹಾಸ್ಟೆಲ್ ಕೋಣೆಯ ಟ್ಯೂಬ್‌ಲೈಟ್ ಬೆಳಕು ಕಾಗದದ ಮೇಲೆ ಬಿದ್ದು ಅರ್ಧ ಟೇಬಲ್ ಬೆಳ್ಳಗಾಗಿತ್ತು. ಜೊತೆಗೊಂದು ಸಾಲು: "ಸರ್, ನನಗೆ 5.5 ಬರ್ತಿದೆ, ರೂಮ್‌ಮೇಟ್‌ಗೆ 4.75. ಯಾರದು ಸರಿ?" ಇನ್ನೊಂದು ಫೋಟೋ ತೆಗೆದು ಕಳಿಸಪ್ಪ ಅಂದೆ. ಈ ಸಲ ಅಂಕಿಗಳು ಕಂಡವು. ರೌಂಡ್ ರಾಬಿನ್, ಟೈಮ್ ಕ್ವಾಂಟಮ್ 2, ಕೇಳಿದ್ದು ಸರಾಸರಿ ವೇಟಿಂಗ್ ಟೈಮ್.

```
      ಅರೈವಲ್   ಬರ್ಸ್ಟ್
P1      0        5
P2      1        4
P3      2        2
P4      4        1
```

ಫೋಟೋದಿಂದ ಲೆಕ್ಕ ಮಾಡುವವರಿಗೆ ಒಂದು ಮಾತು. ಅರೈವಲ್ ಕಾಲಂ ಕಾಣಲಿಲ್ಲ ಅಂತ ಸುಮ್ನೆ ಎಲ್ಲರೂ ಸೊನ್ನೆಯಲ್ಲೇ ಬಂದರು ಅಂದುಕೊಂಡರೆ ಇದೇ ಲೆಕ್ಕದ ಸರಾಸರಿ 6 ಆಗುತ್ತದೆ. ಚಾರ್ಟ್ ಅಚ್ಚುಕಟ್ಟಾಗೇ ಇರುತ್ತದೆ, ಉತ್ತರ ಮಾತ್ರ ಬೇರೆ ಪ್ರಶ್ನೆಯದು.

ಈಗ ಬಿಡಿಸೋಣ. 0ರಿಂದ 2ರವರೆಗೆ P1 ಓಡುತ್ತದೆ. ಅಷ್ಟರಲ್ಲಿ P2 ಬಂದು ನಿಂತಿದೆ. 2ನೇ ಕ್ಷಣಕ್ಕೆ ಸರಿಯಾಗಿ ಎರಡು ಸಂಗತಿ ಒಟ್ಟಿಗೆ ಆಗುತ್ತವೆ: P1ನ ಪಾಲು ಮುಗಿದು ಅದು ಹಿಂದಕ್ಕೆ ಹೋಗಬೇಕು, P3 ಹೊಸದಾಗಿ ಬರಬೇಕು. ಯಾರು ಮೊದಲು? ಇಬ್ಬರು ಹುಡುಗರ ದಾರಿ ಬೇರೆಯಾಗಿದ್ದು ಇಲ್ಲೇ.

ತರಗತಿಗಳಲ್ಲಿ ಸಾಮಾನ್ಯವಾಗಿ ಹೇಳಿಕೊಡುವ ವಾಡಿಕೆ, ಹೊಸದಾಗಿ ಬಂದವರು ಮೊದಲು, ಓಡಿ ಬಂದವರು ಅವರ ಹಿಂದೆ. ಹಾಗಾದ್ರೆ ಕ್ಯೂ P2, P3, P1. P2 2ರಿಂದ 4ರವರೆಗೆ ಓಡುತ್ತದೆ. 4ರಲ್ಲಿ ಮತ್ತೆ ಅದೇ ಜಗಳ: P4 ಬಂತು, P2 ಹೊರಬಂತು. ಅದೇ ನಿಯಮ ಹಾಕಿದರೆ P3, P1, P4, P2. ಮುಂದೆ ಜಗಳವಿಲ್ಲ.

```
| P1 | P2 | P3 | P1 | P4 | P2 | P1 |
0    2    4    6    8    9    11   12
```

ಕಾದ ಹೊತ್ತು ಎಣಿಸೋಣ. P1 2ರಿಂದ 6, 8ರಿಂದ 11, ಒಟ್ಟು 7. P2 ಬಂದದ್ದು 1ಕ್ಕೆ. 1ರಿಂದ 2, 4ರಿಂದ 9, ಒಟ್ಟು 6. P3 2, P4 4. ಕೂಡಿಸಿದರೆ 19, ನಾಲ್ಕರಿಂದ ಭಾಗಿಸಿದರೆ 4.75. ಮೊದಲ ಸಲ ಸಿಪಿಯು ಸಿಗುವ ತನಕ ಕಾದದ್ದನ್ನಷ್ಟೇ ಎಣಿಸುವವರು ತುಂಬ ಜನ. ಅವರ ಲೆಕ್ಕದಲ್ಲಿ P1 ಕಾದೇ ಇಲ್ಲ! ಅದು ರೆಸ್ಪಾನ್ಸ್ ಟೈಮ್, ವೇಟಿಂಗ್ ಟೈಮ್ ಅಲ್ಲ. ಅನುಮಾನ ಬಂದರೆ ಮುಗಿದ ಹೊತ್ತಿನಿಂದ ಅರೈವಲ್ ಮತ್ತು ಬರ್ಸ್ಟ್ ಎರಡನ್ನೂ ಕಳೆದು ನೋಡಿ. P2ಗೆ 11 − 1 − 4, ಅದೇ 6.

ನಮ್ಮ ಹುಡುಗ 2ರಲ್ಲಿ P1ನ್ನು P3ಗಿಂತ ಮುಂದೆ ನಿಲ್ಲಿಸಿದ್ದ, 4ರಲ್ಲಿ P2ನ್ನು P4ಗಿಂತ ಮುಂದೆ. ಕಾದ ಹೊತ್ತು 7, 5, 4, 6. ಮೊತ್ತ 22, ಸರಾಸರಿ 5.5. ಅವನು ಕೂಡಿಸಿದ್ದರಲ್ಲಿ, ಭಾಗಿಸಿದ್ದರಲ್ಲಿ ಒಂದೂ ತಪ್ಪಿಲ್ಲ. ಅವನ ಚಾರ್ಟೂ 12ಕ್ಕೇ ಮುಗಿಯುತ್ತದೆ, ಯಾಕಂದ್ರೆ ಬರ್ಸ್ಟ್‌ಗಳ ಮೊತ್ತ 12, ಮಧ್ಯೆ ಸಿಪಿಯು ಖಾಲಿ ಕೂತಿಲ್ಲ. ಹಾಗಾಗಿ ಕೊನೆಯ ಅಂಕಿ ತಾಳೆ ನೋಡಿದರೆ ಈ ವ್ಯತ್ಯಾಸ ಸಿಗೋದೇ ಇಲ್ಲ. ಅದಕ್ಕೇ ನಾನು ಮತ್ತೆ ಮತ್ತೆ ಹೇಳೋದು: ಚಾರ್ಟ್ ಕೆಳಗೆ ಕ್ಯೂ ಬರೆಯಿರಿ. ಪ್ರತಿ ಗೆರೆಯ ಕೆಳಗೆ ಆ ಹೊತ್ತಿನ ಕ್ಯೂ. ಸಮ ಬಂದ ಕಡೆ ಯಾವ ನಿಯಮ ಹಿಡಿದಿರಿ ಅಂತ ಒಂದು ಸಾಲು. ಪ್ರಶ್ನೆಯಲ್ಲೇ ಬೇರೆ ನಿಯಮ ಕೊಟ್ಟಿದ್ದರೆ ಅದೇ ನಡೆಯಬೇಕು. ಕೊಟ್ಟಿಲ್ಲದಿದ್ದಾಗ, ಕ್ಯೂ ಬರೆದ ಪೇಪರ್ ಕೈಗೆ ಬಂದರೆ ನಿಮ್ಮ ಯೋಚನೆ ನನಗೆ ಕಾಣುತ್ತದೆ. ಬರೀ 5.5 ಅಂತ ಇದ್ದರೆ ನಾನು ಏನನ್ನು ನೋಡಿ ಅಂಕ ಕೊಡಲಿ, ಹೇಳಿ?

ಗಂಟೆ ಆಗ್ತಾ ಬಂತು. ಕಾಂಟೆಕ್ಸ್ಟ್ ಸ್ವಿಚ್ ಖರ್ಚು ಸೇರಿಸಿ ಲೆಕ್ಕ ಮಾಡೋದು ಇವತ್ತು ಆಗಲ್ಲ. ಒಂದನ್ನು ಮಾತ್ರ ಹೇಳಿಬಿಡ್ತೇನೆ. ಇದೇ ಪ್ರಶ್ನೆಗೆ ಕ್ವಾಂಟಮ್ 5 ಮಾಡಿ. ಯಾರನ್ನೂ ಮಧ್ಯೆ ಎಬ್ಬಿಸುವ ಪ್ರಮೇಯವೇ ಬರಲ್ಲ, ಬಂದವರು ಬಂದ ಸಾಲಿನಲ್ಲೇ ಮುಗಿಸುತ್ತಾರೆ. ಕಾದ ಹೊತ್ತು 0, 4, 7, 7. ಸರಾಸರಿ 4.5. ನೋಡಿದಿರಾ, ಕ್ವಾಂಟಮ್ 2ರ 4.75ಕ್ಕಿಂತ ಕಡಿಮೆ! ಹಾಗಾದ್ರೆ ಪಾಲು ಹಂಚಿ ಏನು ಸಿಕ್ಕಿತು? P4ನ್ನು ನೋಡಿ. ಅದಕ್ಕೆ ಬೇಕಿದ್ದದ್ದು ಒಂದೇ ಯುನಿಟ್. ಕ್ವಾಂಟಮ್ 5ರಲ್ಲಿ ಅದು 7 ಯುನಿಟ್ ಕಾಯಿತು, 2ರಲ್ಲಿ 4 ಯುನಿಟ್. P3ಗೂ 7 ಇದ್ದದ್ದು 2ಕ್ಕೆ ಇಳಿಯಿತು. ಆ ಹೊತ್ತನ್ನೆಲ್ಲ P1, P2 ತಮ್ಮ ಕಡೆಯಿಂದ ಕೊಟ್ಟವು. ಕ್ವಾಂಟಮ್ 1 ಮಾಡಿದರೆ ಏನಾಗುತ್ತದೆ ಅಂತ ನೀವೇ ಬಿಡಿಸಿ ತನ್ನಿ, ಕೆಳಗೆ ಕ್ಯೂ ಬರೆದು.