ವನಾಡಿಲ್ ಸಂಕೀರ್ಣದ ಎಂಟು ರೇಖೆಗಳನ್ನು ಓದುವುದು

ಮಾನ್ಯರೇ, ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಒಂದೇ ಒಂದು ಸಂಯುಕ್ತ, ವನಾಡಿಲ್ ಅಸಿಟೈಲ್‌ಅಸಿಟೋನೇಟ್. ಇದನ್ನು ಟಾಲ್ಯೂಯಿನ್‌ನಲ್ಲಿ ತೆಳುವಾಗಿ ಕರಗಿಸಿ, ಕೋಣೆಯ ತಾಪದಲ್ಲಿ, ಸುಮಾರು 9.5 ಗಿಗಾಹರ್ಟ್ಸ್ ಆವರ್ತನದಲ್ಲಿ ಇ.ಪಿ.ಆರ್., ಅಂದರೆ ಎಲೆಕ್ಟ್ರಾನ್ ಪ್ಯಾರಾಮ್ಯಾಗ್ನೆಟಿಕ್ ರೆಸೊನೆನ್ಸ್ ರೋಹಿತ ತೆಗೆದರೆ ಎಂಟು ರೇಖೆಗಳು ಕಾಣುತ್ತವೆ. ಎಂಟೇ ಏಕೆಂಬುದನ್ನು ಬೇಗ ಹೇಳಿ ಮುಗಿಸಬಹುದು. ಈ ಸಂಕೀರ್ಣದಲ್ಲಿ ವನಾಡಿಯಂ ಮೇಲೆ ಜೋಡಿಯಾಗದ ಒಂದು ಎಲೆಕ್ಟ್ರಾನ್ ಇದೆ. ನಿಸರ್ಗದ ವನಾಡಿಯಂನಲ್ಲಿ ಶೇ. 99.7ಕ್ಕೂ ಹೆಚ್ಚಿನ ಪಾಲು ವನಾಡಿಯಂ-51, ಅದರ ನ್ಯೂಕ್ಲಿಯಸ್ಸಿನ ಸ್ಪಿನ್ I = 7/2. ಆ ಸ್ಪಿನ್ ಕಾಂತಕ್ಷೇತ್ರದಲ್ಲಿ 2I + 1, ಅಂದರೆ ಎಂಟು ಸ್ಥಿತಿಗಳಲ್ಲಿರಬಲ್ಲದು. ಪ್ರತಿ ಸ್ಥಿತಿಯೂ ಎಲೆಕ್ಟ್ರಾನಿಗೆ ತಟ್ಟುವ ಕ್ಷೇತ್ರವನ್ನು ಅಷ್ಟಿಷ್ಟು ಬದಲಿಸುತ್ತದೆ. ಸುತ್ತಲಿನ ಆಕ್ಸಿಜನ್-16ಕ್ಕೆ ನ್ಯೂಕ್ಲಿಯರ್ ಸ್ಪಿನ್ ಇಲ್ಲದಿರುವುದರಿಂದ ಈ ರೇಖೆಗಳು ಮತ್ತೆ ಒಡೆಯುವುದಿಲ್ಲ.

ನಿಜವಾದ ಓದು ಶುರುವಾಗುವುದು ಇಲ್ಲಿಂದ ಮುಂದೆ. ರೇಖೆಗಳ ನಡುವಿನ ಅಂತರವನ್ನು ಅಳೆದು ನೋಡಿದರೆ ಅವು ಸಮನಾಗಿಲ್ಲ. ಕಡಿಮೆ ಕ್ಷೇತ್ರದ ತುದಿಯಲ್ಲಿ ಅಂತರ ಸುಮಾರು 98 ಗಾಸ್, ನಡುವೆ 108, ಹೆಚ್ಚು ಕ್ಷೇತ್ರದ ತುದಿಯಲ್ಲಿ ಸುಮಾರು 118. ಹೊಸಬರು ಇದನ್ನು ಕಂಡು ಕ್ಷೇತ್ರದ ಮಾಪನವನ್ನೇ ಶಂಕಿಸುವುದುಂಟು. ಆದರೆ ಕಾರಣ ಭೌತಿಕವಾದದ್ದು: ಎಲೆಕ್ಟ್ರಾನ್ ಮತ್ತು ನ್ಯೂಕ್ಲಿಯಸ್ಸಿನ ಸ್ಪಿನ್‌ಗಳ ನಡುವಿನ ಹೈಪರ್‌ಫೈನ್ ಅಂತಃಕ್ರಿಯೆ ಹೊರಗಿನ ಕ್ಷೇತ್ರದ ಎದುರು ಕಡೆಗಣಿಸುವಷ್ಟು ಚಿಕ್ಕದಲ್ಲವಾದ್ದರಿಂದ, ಎರಡನೆಯ ಕ್ರಮದ ತಿದ್ದುಪಡಿಯನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.

B(m) = B₀ − a·m − (a²/2B₀)[I(I+1) − m²]

ಇಲ್ಲಿ m ಎಂಬುದು ಎಂಟು ನ್ಯೂಕ್ಲಿಯರ್ ಸ್ಥಿತಿಗಳನ್ನು ಹೆಸರಿಸುವ ಸಂಖ್ಯೆ, +7/2ರಿಂದ −7/2ರವರೆಗೆ; B(m) ಆ ಸ್ಥಿತಿಯ ರೇಖೆ ಬೀಳುವ ಕ್ಷೇತ್ರ, a ಹೈಪರ್‌ಫೈನ್ ಅಂತರ, B₀ ಹೈಪರ್‌ಫೈನ್ ಅಂತಃಕ್ರಿಯೆ ಇಲ್ಲದಿದ್ದರೆ ರೇಖೆ ಬೀಳುತ್ತಿದ್ದ ಕ್ಷೇತ್ರ. a = 108 ಗಾಸ್, B₀ = 3445 ಗಾಸ್ ಎಂದಿಟ್ಟರೆ a²/2B₀ ಸುಮಾರು 1.7 ಗಾಸ್ ಆಗುತ್ತದೆ. ತುದಿಯ ಎರಡು ರೇಖೆಗಳಿಗೆ ಆವರಣದೊಳಗಿನ ಬೆಲೆ 3.5, ಆದ್ದರಿಂದ ಅವು ಸುಮಾರು 6 ಗಾಸ್‌ನಷ್ಟು ಕೆಳಗೆ ಸರಿಯುತ್ತವೆ. ನಡುವಿನ ಎರಡಕ್ಕೆ ಆ ಬೆಲೆ 15.5, ಅವು 26 ಗಾಸ್ ಸರಿಯುತ್ತವೆ. ತುದಿಯ ರೇಖೆಗಳೆರಡೂ ಒಂದೇ ಪ್ರಮಾಣದಲ್ಲಿ ಸರಿಯುವುದರಿಂದ ಅವುಗಳ ನಡುವಿನ ದೂರ 7a ಆಗಿಯೇ ಉಳಿಯುತ್ತದೆ. ಹೀಗಾಗಿ 756 ಗಾಸ್ ಅನ್ನು ಏಳರಿಂದ ಭಾಗಿಸಿದರೆ a ಸರಿಯಾಗಿ ಸಿಗುತ್ತದೆ. ಆವರ್ತನ ಮತ್ತು B₀ಗಳ ಅನುಪಾತದಿಂದ ಸಿಗುವ g ವಿಷಯದಲ್ಲಿ ಈ ಅನುಕೂಲ ಇಲ್ಲ. ನಡುವಿನ ಎರಡು ರೇಖೆಗಳ ಮಧ್ಯಬಿಂದುವನ್ನೇ B₀ ಎಂದು ಹಿಡಿದವರಿಗೆ g ಸುಮಾರು 1.985 ಎಂದು ಬರುತ್ತದೆ. ತಿದ್ದುಪಡಿ ಮಾಡಿದರೆ ಬರುವುದು 1.970. ವನಾಡಿಲ್ ಸಂಕೀರ್ಣಗಳನ್ನು ಒಂದರಿಂದೊಂದು ಬೇರ್ಪಡಿಸಿ ಗುರುತಿಸುವ ಕೆಲಸದಲ್ಲಿ ಇಷ್ಟು ದೊಡ್ಡ ದೋಷವನ್ನು ಒಪ್ಪಲಾಗದು.

ರೇಖೆಗಳ ಎತ್ತರವೂ ಒಂದೇ ಸಮ ಇರುವುದಿಲ್ಲ. ಎಂಟೂ ನ್ಯೂಕ್ಲಿಯರ್ ಸ್ಥಿತಿಗಳಲ್ಲಿರುವ ಅಣುಗಳ ಸಂಖ್ಯೆ ಬಹುಮಟ್ಟಿಗೆ ಸಮವೇ. ವ್ಯತ್ಯಾಸ ಇರುವುದು ರೇಖೆಯ ಅಗಲದಲ್ಲಿ. ದ್ರಾವಣದಲ್ಲಿ ಅಣು ಉರುಳುತ್ತಿರುವಾಗ ಅದರ g ಮತ್ತು ಹೈಪರ್‌ಫೈನ್ ಬೆಲೆ A ಎರಡರ ದಿಕ್ಕಿನ ಅವಲಂಬನೆಯೂ ಪೂರ್ತಿಯಾಗಿ ಸರಾಸರಿಗೊಳ್ಳುವುದಿಲ್ಲ, ಉಳಿದ ಅಂಶವು m ಮತ್ತು m² ಎರಡನ್ನೂ ಅವಲಂಬಿಸಿ ರೇಖೆಯನ್ನು ಅಗಲಗೊಳಿಸುತ್ತದೆ. ಮೊದಲ ಅವಕಲನದ ರೋಹಿತದಲ್ಲಿ ಅಗಲ ಇಮ್ಮಡಿಯಾದರೆ ಎತ್ತರ ಕಾಲು ಭಾಗಕ್ಕೆ ಇಳಿಯುವುದರಿಂದ ಕಣ್ಣಳತೆಯ ತೀರ್ಮಾನ ಇಲ್ಲಿ ಸಲ್ಲದು. ಎರಡು ಬಾರಿ ಅನುಕಲಿಸಿ ವಿಸ್ತೀರ್ಣವನ್ನೇ ಹೋಲಿಸಬೇಕು. ತಾಪ ಇಳಿಸಿ ದ್ರಾವಣ ಮಂದವಾದಂತೆ ಅಗಲಗಳ ಈ ವ್ಯತ್ಯಾಸ ಹೆಚ್ಚಿದರೆ, ಕಾರಣ ಉರುಳುವಿಕೆಯೇ ಎಂದು ನಂಬಬಹುದು. ದ್ರಾವಣ ಗಾಢವಾದಂತೆ ಎಲ್ಲ ರೇಖೆಗಳೂ ಒಟ್ಟಿಗೆ ಹರಡಿಕೊಂಡರೆ ಅದು ಅಣುಗಳ ಪರಸ್ಪರ ಸ್ಪಿನ್ ವಿನಿಮಯ. ಆಗ ದ್ರಾವಣವನ್ನು ತೆಳುಗೊಳಿಸದೆ ಬೇರೆ ದಾರಿಯಿಲ್ಲ.

ದ್ರಾವಣವನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿದಾಗ ಎಂಟರ ಒಂದು ಗುಂಪಿನ ಬದಲು ಎರಡು ಗುಂಪುಗಳು ಹೊಮ್ಮುತ್ತವೆ. ವನಾಡಿಯಂ–ಆಕ್ಸಿಜನ್ ದ್ವಿಬಂಧದ ಅಕ್ಷಕ್ಕೆ ಸಮಾಂತರವಾದದ್ದು ಅಗಲಕ್ಕೆ ಚಾಚಿರುತ್ತದೆ, ಲಂಬವಾದದ್ದು ನಡುವೆ ಒತ್ತಾಗಿ ನಿಲ್ಲುತ್ತದೆ. A ಯ ಸಮಾಂತರ ಬೆಲೆ ಸುಮಾರು 173 × 10⁻⁴ cm⁻¹, ಲಂಬ ಬೆಲೆ ಸುಮಾರು 63 × 10⁻⁴ cm⁻¹. ಈ ರೋಹಿತ ಬೆಲೆಗಳ ಗಾತ್ರವನ್ನಷ್ಟೇ ಹೇಳುತ್ತದೆ, ಚಿಹ್ನೆಯನ್ನು ನೇರವಾಗಿ ಹೇಳುವುದಿಲ್ಲ. ಆದರೆ ಒಂದು ಸಮಾಂತರ, ಎರಡು ಲಂಬ ಬೆಲೆಗಳನ್ನು ಕೂಡಿ ಮೂರರಿಂದ ಭಾಗಿಸಿದರೆ ಸುಮಾರು 100 ಬರುತ್ತದೆ. ದ್ರಾವಣದ 108 ಗಾಸ್ ಅನ್ನು ಅದೇ ಮಾನಕ್ಕೆ ತಂದರೆ ಸಿಗುವುದು 99. ಚಿಹ್ನೆಗಳು ವಿರುದ್ಧವಾಗಿದ್ದಿದ್ದರೆ ಸರಾಸರಿ 16ರ ಆಸುಪಾಸಿಗೆ ಕುಸಿಯಬೇಕಿತ್ತು. ಆದ್ದರಿಂದ ಎರಡೂ ಬೆಲೆಗಳ ಚಿಹ್ನೆ ಒಂದೇ. ಅದು ಋಣವೆಂಬುದು ಬೇರೆ ಆಧಾರಗಳಿಂದ ತಿಳಿದ ವಿಷಯ: ಜೋಡಿಯಾಗದ ಎಲೆಕ್ಟ್ರಾನ್ dxy ಕಕ್ಷಕದಲ್ಲಿದ್ದು ನ್ಯೂಕ್ಲಿಯಸ್ಸನ್ನು ತಾನೇ ಮುಟ್ಟದಿದ್ದರೂ, ಒಳಗಿನ s ಎಲೆಕ್ಟ್ರಾನ್‌ಗಳನ್ನು ಧ್ರುವೀಕರಿಸಿ ಈ ಪರಿಣಾಮವನ್ನು ತರುತ್ತದೆ. ಚಿಹ್ನೆ ಋಣವಾದಾಗ m ಹೆಸರುಗಳ ಕ್ರಮ ತಲೆಕೆಳಗಾಗುತ್ತದೆ, ರೇಖೆಗಳ ಜಾಗ ಬದಲಾಗುವುದಿಲ್ಲ.

ಇದೇ ದ್ರಾವಣಕ್ಕೆ ಪಿರಿಡೀನ್ ಸೇರಿಸಿದರೆ ಅದು ವನಾಡಿಯಂಗೆ ಬಂಧಿಸಿಕೊಂಡು a ಕಡಿಮೆಯಾಗುತ್ತದೆ. ಎರಡು ರೂಪಗಳೂ ಬೆರೆತಿರುವಾಗ ನಡುವಿನ ರೇಖೆಗಳು ಒಂದರ ಮೇಲೊಂದು ಬಿದ್ದು ಏನನ್ನೂ ತೋರಿಸದಿರಬಹುದು. ಆದರೆ a ಕೇವಲ 5 ಗಾಸ್ ಬದಲಾದರೂ ತುದಿಯ ರೇಖೆ ಅದರ ಮೂರೂವರೆ ಪಟ್ಟು, ಅಂದರೆ ಸುಮಾರು 17 ಗಾಸ್ ಸರಿಯುತ್ತದೆ. ಮಿಶ್ರಣವೆಂಬ ಅನುಮಾನ ಬಂದಾಗ ಮೊದಲು ಪರೀಕ್ಷಿಸಬೇಕಾದದ್ದು ಆ ತುದಿಗಳನ್ನೇ.